ಕೋಸಿಯಲ್ಲಿ 4.2ರ ಪೀಕ್ ಎಲ್ಲರ ಜೊತೆಗೂ ಸೇರಿಕೊಂಡಿದೆ, ಯಾವುದು ಯಾರ ಪಕ್ಕ?

ಬನಶಂಕರಿ ಬೆಂಜೀನ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಎಂಎಸ್ಸಿ ಕೊನೆಯ ವರ್ಷ. ಪ್ರಾಜೆಕ್ಟಿಗೆ ಈಥೈಲ್ ಅಸಿಟೋಅಸಿಟೇಟನ್ನು ಬೇಕರಿ ಯೀಸ್ಟ್ ಮತ್ತು ಸಕ್ಕರೆ ನೀರಿನಲ್ಲಿ ರಿಡಕ್ಷನ್ ಮಾಡಿದ್ದೇನೆ. ಬರಬೇಕಾದದ್ದು ಈಥೈಲ್ 3-ಹೈಡ್ರಾಕ್ಸಿಬ್ಯುಟನೋಯೇಟ್. ಅಂದರೆ ಇದು:

CH₃–CH(OH)–CH₂–CO–O–CH₂–CH₃

400 ಮೆಗಾಹರ್ಟ್ಸ್ ಎನ್‌ಎಂಆರ್ ಮೆಷಿನ್, CDCl₃. ಸಾದಾ ಪ್ರೋಟಾನ್ ಸ್ಪೆಕ್ಟ್ರಂನಲ್ಲಿ ಕಂಡದ್ದು ಹೀಗೆ. 1.2ರಿಂದ 1.3ರವರೆಗೆ ಒಂದು ಗುಂಪು, ಆರು ಹೈಡ್ರೋಜನ್. ಅದರೊಳಗೆ 1.23ರಲ್ಲಿ ಡಬ್ಲೆಟ್, 1.27ರಲ್ಲಿ ಟ್ರಿಪ್ಲೆಟ್ ಇದ್ದ ಹಾಗಿದೆ. 2.41 ಮತ್ತು 2.49ರಲ್ಲಿ ನಾಲ್ಕು ನಾಲ್ಕು ಗೆರೆ, ತಲಾ ಒಂದು ಹೈಡ್ರೋಜನ್. 3ರ ಹತ್ತಿರ ಅಗಲವಾದ ಒಂದು ಗುಡ್ಡ. 4.2ರಲ್ಲಿ ಮುದ್ದೆಯಾದ ಒಂದು ಪೀಕ್, ಮೂರು ಹೈಡ್ರೋಜನ್.

ಈಗ ಎರಡು ಆಯಾಮದ ಸ್ಪೆಕ್ಟ್ರಂ, ಕೋಸಿ. 4.2ರಿಂದ ಹೊರಟರೆ 1.2ರ ಗುಂಪಿಗೂ ಕ್ರಾಸ್ ಪೀಕ್ ಇದೆ, 2.41ಕ್ಕೂ ಇದೆ, 2.49ಕ್ಕೂ ಇದೆ. 2.41 ಮತ್ತು 2.49ರ ಮಧ್ಯೆ ಕರ್ಣಕ್ಕೆ ಅಂಟಿಕೊಂಡ ಹಾಗೆ ಇನ್ನೊಂದು, ಅದು ಒಳ್ಳೇ ಜೋರಾಗಿದೆ. ಜೊತೆಗೆ 1.25 ಮತ್ತು 2.45ರ ಮಧ್ಯೆ ತುಂಬಾ ತೆಳ್ಳಗೆ ಏನೋ ಒಂದು.

ನನ್ನ ಗೊಂದಲ ಇಷ್ಟು. 1.27ರ ಟ್ರಿಪ್ಲೆಟ್ ಎಸ್ಟರ್ ಕಡೆಯ CH₃. ಅಲ್ಲಿಂದ 4.2ಕ್ಕೆ ಹೋದೆ. 4.2ರಿಂದ 2.4ಕ್ಕೆ ಹೋದೆ. ಹಾಗಾದರೆ OCH₂ ಪಕ್ಕದಲ್ಲೇ ಇನ್ನೊಂದು CH₂ ಇದೆ ಅಂತ ಆಯ್ತಲ್ಲ? ಮಧ್ಯೆ ಒಂದು ಆಮ್ಲಜನಕ, ಒಂದು ಕಾರ್ಬೊನಿಲ್ ಇರಬೇಕಿತ್ತು. ನನ್ನ ಕೈಯಲ್ಲಿ ಪಿಡಿಎಫ್ ಪ್ರಿಂಟ್ ಮಾತ್ರ ಇದೆ. ಸ್ಪೆಕ್ಟ್ರಂ ತೆಗೆದುಕೊಟ್ಟ ಲ್ಯಾಬಿನವರು ಡೇಟಾ ಫೋಲ್ಡರ್ ಕೊಟ್ಟಿಲ್ಲ. ಬುಧವಾರ ಪ್ರೆಸೆಂಟೇಷನ್ ಬೇರೆ.

ಪೀಣ್ಯ ಕೆಮಿಸ್ಟ್

ಕೋಸಿ ಓದೋದು ತುಂಬಾ ಸುಲಭ. ಕ್ರಾಸ್ ಪೀಕ್ ಇದ್ದರೆ ಪಕ್ಕದ ಕಾರ್ಬನ್, ಇಲ್ಲದಿದ್ದರೆ ಪಕ್ಕದಲ್ಲಿಲ್ಲ. ಅಷ್ಟೇ. ನಿಮ್ಮ 2.41 ಮತ್ತು 2.49 ಎರಡಕ್ಕೂ ಒಂದೊಂದೇ ಹೈಡ್ರೋಜನ್, ಮಧ್ಯೆ ಜೋರಾದ ಕ್ರಾಸ್ ಪೀಕ್. ಅಂದರೆ ಅಕ್ಕಪಕ್ಕ ಎರಡು CH ಇವೆ. ನಿಮ್ಮ ಪ್ರಾಡಕ್ಟ್ ನೀವು ಅಂದುಕೊಂಡದ್ದಲ್ಲ, ಯೀಸ್ಟ್ ಬೇರೆ ಏನೋ ಮಾಡಿದೆ.

ಇನ್ನೊಂದು ಮಾತು. ಹಳೇ ಕಚ್ಚಾ ವಸ್ತು ಉಳಿದಿದೆಯಾ ನೋಡಿಕೊಳ್ಳಿ. ಈಥೈಲ್ ಅಸಿಟೋಅಸಿಟೇಟ್ ಉಳಿದಿದ್ದರೆ 3.44ರಲ್ಲೂ 2.27ರಲ್ಲೂ ಸಿಂಗ್ಲೆಟ್ ಬರುತ್ತದೆ. ಸಿಂಗ್ಲೆಟ್‌ಗಳಿಗೆ ಕೋಸಿಯಲ್ಲಿ ಜೋಡಿ ಇರುವುದಿಲ್ಲ, ಕರ್ಣದ ಮೇಲೆ ಸುಮ್ನೆ ಕೂತಿರುತ್ತವೆ. ಆದರೆ ಅದರ OCH₂ ಕೂಡ 4.2ರಲ್ಲೇ ಬರುತ್ತದೆ. ಅದು ಸೇರಿಕೊಂಡು ಗೊಂದಲ ಆಗಿರಬಹುದು.

ಲ್ಯಾಬ್ ಮೇಷ್ಟ್ರು

ಪೀಣ್ಯದವರು ಕಚ್ಚಾ ವಸ್ತುವಿನ ಬಗ್ಗೆ ಹೇಳಿದ್ದು ಸರಿ, ಮೊದಲು ಅದನ್ನು ನೋಡಿಬಿಡಿ. ಆದರೆ ಅಕ್ಕಪಕ್ಕ ಎರಡು CH ಅನ್ನೋದು ಸರಿಯಲ್ಲ.

ಕೋಸಿ ತೋರಿಸುವುದು ಕಪ್ಲಿಂಗನ್ನು. ಪಕ್ಕದ ಕಾರ್ಬನ್ನಿನ ಹೈಡ್ರೋಜನ್‌ಗಳು ಮೂರು ಬಂಧ ದಾಟಿ ಕಪಲ್ ಆಗುತ್ತವೆ. ಒಂದೇ ಕಾರ್ಬನ್ ಮೇಲಿರುವ ಎರಡು ಹೈಡ್ರೋಜನ್‌ಗಳ ಮಧ್ಯೆ ಎರಡೇ ಬಂಧ. ಅವು ಒಂದಕ್ಕೊಂದು ಬೇರೆ ಬೇರೆ ಜಾಗದಲ್ಲಿ ಕಂಡರೆ ಅವುಗಳ ಮಧ್ಯೆಯೂ ಕ್ರಾಸ್ ಪೀಕ್ ಬರುತ್ತದೆ. ಬರಲೇಬೇಕು. ಇಲ್ಲಿ CH₂ ಪಕ್ಕದ ಕಾರ್ಬನ್ ಮೇಲೆ OH ಇದೆ, ಅದು ಕೈರಲ್. ಹಾಗಾಗಿ ಆ CH₂ನ ಎರಡು ಹೈಡ್ರೋಜನ್‌ಗಳಿಗೆ ಸುತ್ತಲಿನ ವಾತಾವರಣ ಒಂದೇ ಅಲ್ಲ. ಒಂದು 2.41, ಇನ್ನೊಂದು 2.49.

ಇದನ್ನು ನಂಬಿಕೆ ಮೇಲೆ ತೆಗೆದುಕೊಳ್ಳಬೇಡಿ, ಗೆರೆಗಳ ಅಂತರ ಅಳೆಯಿರಿ. ಆ ನಾಲ್ಕು ಗೆರೆಗಳಲ್ಲಿ ಒಂದು ದೊಡ್ಡ ಅಂತರ, ಒಂದು ಸಣ್ಣ ಅಂತರ ಇರುತ್ತದೆ. ದೊಡ್ಡದು ಎರಡರಲ್ಲೂ ಸುಮಾರು 16.4 ಹರ್ಟ್ಸ್ ಇರಬೇಕು. ಹೀಗೆ ತೆರೆದ ಸರಪಳಿಯಲ್ಲಿ ಪಕ್ಕದ ಕಾರ್ಬನ್ನಿನ ಜೊತೆ 16 ಹರ್ಟ್ಸ್ ಬರುವುದಿಲ್ಲ. ಕಾರ್ಬೊನಿಲ್ ಪಕ್ಕದ CH₂ನ ಒಳಗಿನ ಕಪ್ಲಿಂಗಿಗೆ ಅದು ಸರಿಯಾದ ಬೆಲೆ. ಸಣ್ಣ ಅಂತರ 2.41ರಲ್ಲಿ ಸುಮಾರು 8.7, 2.49ರಲ್ಲಿ ಸುಮಾರು 3.5 ಬರಬೇಕು. ಅವೆರಡೂ CHOH ಜೊತೆಗಿನವು. ಎಚ್‌ಎಸ್‌ಕ್ಯೂಸಿ ತೆಗೆಸಿದರೆ ಎರಡೂ ಒಂದೇ ಕಾರ್ಬನ್ನಿಗೆ, 43 ಪಿಪಿಎಂ ಹತ್ತಿರ, ಬೀಳುತ್ತವೆ. ಆಮೇಲೆ ಚರ್ಚೆಗೆ ಜಾಗವೇ ಇಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ. ನೀವು ಸರಪಳಿ ಹಿಡಿಯಲು ಹೊರಟ ಜಾಗ ತಪ್ಪು ದಾರಿಗೆ ಎಳೆದಿದೆ. 4.2ರಲ್ಲಿ ಮೂರು ಹೈಡ್ರೋಜನ್ ಇದೆ ಅಂತ ನೀವೇ ಬರೆದಿದ್ದೀರಿ. OCH₂ಗೆ ಎರಡು, CHOHಗೆ ಒಂದು. ಎರಡು ಬೇರೆ ಬೇರೆ ಪೀಕ್ ಒಂದರ ಮೇಲೊಂದು ಕೂತಿವೆ. ಅಂಥ ಪೀಕನ್ನು ದಾಟಿಕೊಂಡು ಹೋದರೆ ಎರಡು ಸರಪಳಿ ಸೇರಿ ಒಂದೇ ಉದ್ದ ಸರಪಳಿ ಆಗಿಬಿಡುತ್ತದೆ. ಕೋಸಿಯಲ್ಲಿ ಜನ ಜಾಸ್ತಿ ಎಡವುವುದು ಇಲ್ಲೇ.

ಒಂಟಿಯಾಗಿ, ಶುದ್ಧವಾಗಿ ನಿಂತ ಪೀಕಿನಿಂದ ಹೊರಡಿ. ನಿಮ್ಮಲ್ಲಿ ಅದು 2.4ರ ಜೋಡಿ. ಅಲ್ಲಿಂದ 4.2ಕ್ಕೆ ಬಂದಾಗ ನಿಲ್ಲಿ. ಈ ಮೂರು ಹೈಡ್ರೋಜನ್‌ನಲ್ಲಿ ಯಾವುದು ಇದಕ್ಕೆ ಉತ್ತರ ಕೊಟ್ಟಿತು ಅಂತ ಕೇಳಿ. ಅದು ಗೊತ್ತಾಗದೆ ಮುಂದಿನ ಹೆಜ್ಜೆ ಇಡಬೇಡಿ.

ಸುಮ್ನೆ ಓದೋನು

ಯೀಸ್ಟ್ ಒಂದೇ ಕೈಯ ಪ್ರಾಡಕ್ಟ್ ಕೊಡುತ್ತದೆ ಅಂತ ಕೇಳಿದ್ದೆ. ಕೋಸಿಯಲ್ಲಿ ಎಸ್ ಬಂದಿದೆಯಾ ಆರ್ ಬಂದಿದೆಯಾ ನೋಡೋದು ಹೇಗೆ? ಯಾವ ಹೈಡ್ರೋಜನ್ ಯಾವುದಕ್ಕೆ ಹತ್ತಿರ ಅಂತ ಅದು ಹೇಳುತ್ತೆ ಅಲ್ವಾ?

ಲ್ಯಾಬ್ ಮೇಷ್ಟ್ರು

ಎರಡಕ್ಕೂ ಇಲ್ಲ. ಹತ್ತಿರ ಅನ್ನೋದನ್ನು ಹೇಳುವುದು ನೋಸಿ, ಬಂಧಗಳ ಮೂಲಕದ ಸಂಬಂಧ ಹೇಳುವುದು ಕೋಸಿ. ನೋಸಿ ಬಗ್ಗೆ ಮಾತು ಬಂತು ಅಂತ ಹೇಳುತ್ತೇನೆ, ಅದರ 1980ರ ಪ್ರಸಿದ್ಧ ಲೇಖನದಲ್ಲಿ ಅರ್ನ್ಸ್ಟ್, ವುತ್ರಿಚ್ ಜೊತೆ ಮೊದಲ ಹೆಸರು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಅನಿಲ್ ಕುಮಾರ್ ಅವರದು. ಆದರೆ ಎಸ್ ಮತ್ತು ಆರ್ ಒಂದು ಇನ್ನೊಂದರ ಕನ್ನಡಿ ಬಿಂಬ. ಸಾಮಾನ್ಯ ಸಾಲ್ವೆಂಟ್‌ನಲ್ಲಿ ಎರಡಕ್ಕೂ ಕೋಸಿ, ನೋಸಿ ಎಲ್ಲ ಒಂದೇ ಥರ. ಆಪ್ಟಿಕಲ್ ರೊಟೇಷನ್ ನೋಡಬೇಕು, ಎಸ್ ಆದರೆ ಕ್ಲೋರೊಫಾರ್ಮ್‌ನಲ್ಲಿ ಪ್ಲಸ್ ಬರುತ್ತದೆ. ಎಷ್ಟು ಶುದ್ಧ ಅಂತ ತಿಳಿಯಲು ಮೋಶರ್ ಎಸ್ಟರ್ ಅಥವಾ ಕೈರಲ್ ಕಾಲಂ. ಇದು ಬೇರೆ ವಿಷಯ, ಬೇಕಾದರೆ ಬೇರೆ ಥ್ರೆಡ್ ಶುರು ಮಾಡಿ.

ಬನಶಂಕರಿ ಬೆಂಜೀನ್

ಥ್ಯಾಂಕ್ಸ್ ಸರ್. ಅಂತರ ಅಳೆದೆ. 2.41ರಲ್ಲಿ 16.4 ಮತ್ತು 8.6. 2.49ರಲ್ಲಿ 16.4 ಮತ್ತು 3.6. ನೀವು ಹೇಳಿದ ಹಾಗೇ ಇದೆ. 3.44ರಲ್ಲಿ ಏನೂ ಕಾಣುತ್ತಿಲ್ಲ, ಕಚ್ಚಾ ವಸ್ತು ಉಳಿದಿಲ್ಲ ಅನ್ನಿಸುತ್ತದೆ.

ಆದರೆ 4.2ರಲ್ಲಿ ಯಾವುದು ಉತ್ತರ ಕೊಟ್ಟಿತು ಅಂತ ನೋಡೋದು ಹೇಗೆ? ಕ್ರಾಸ್ ಪೀಕ್ ಒಂದು ಉಂಡೆ ಥರ ಇದೆ. ಒಳಗೆ ಏನೂ ಕಾಣಿಸಲ್ಲ.

ಮ್ಯಾಗ್ನೆಟ್ ಮಂಜ

ಉಂಡೆ ಯಾಕೆ ಆಯ್ತು ಅಂತ ನಾನು ಹೇಳುತ್ತೇನೆ, ದಿನಾ ಇದೇ ಕೆಲಸ. ಪಿಡಿಎಫ್ ಮೂಲೆಯಲ್ಲಿ ಪ್ಯಾರಾಮೀಟರ್ ಪಟ್ಟಿ ಇರುತ್ತದೆ. ಅದರಲ್ಲಿ `TD` ಅಂತ ಎರಡು ಸಂಖ್ಯೆ, `SW` ಅಂತ ಎರಡು ಸಂಖ್ಯೆ ಇರಬೇಕು. ಹಾಕಿ ನೋಡೋಣ.

ಬನಶಂಕರಿ ಬೆಂಜೀನ್

```
PULPROG  cosygpqf
TD       2048   128
SW       10.0   10.0
```

ಮ್ಯಾಗ್ನೆಟ್ ಮಂಜ

ಅಂದುಕೊಂಡೆ. 128. ಸರದಿ ಜಾಸ್ತಿ ಇದ್ದಾಗ ಆಪರೇಟರ್‌ಗಳು ಹೀಗೇ ಹಾಕಿ ಕಳಿಸುತ್ತಾರೆ.

ಲೆಕ್ಕ ನೋಡಿ. 10 ಪಿಪಿಎಂ ಅಂದರೆ ನಿಮ್ಮ ಮೆಷಿನ್‌ನಲ್ಲಿ 4000 ಹರ್ಟ್ಸ್. ನಿಂತ ಅಕ್ಷದಲ್ಲಿ, ಅಂದರೆ F1ನಲ್ಲಿ, 128 ಸಲ ಮಾತ್ರ ಅಳೆದಿದ್ದಾರೆ. 4000 ಭಾಗಿಸು 128, ಸುಮಾರು 31 ಹರ್ಟ್ಸ್. 31 ಹರ್ಟ್ಸಿಗಿಂತ ಹತ್ತಿರ ಇರುವ ಎರಡು ಪೀಕ್ ಆ ದಿಕ್ಕಿನಲ್ಲಿ ಬೇರೆ ಬೇರೆಯಾಗಿ ಕಾಣುವುದಿಲ್ಲ. ನಿಮ್ಮ 1.23 ಮತ್ತು 1.27ರ ಮಧ್ಯೆ 0.04 ಪಿಪಿಎಂ, ಅಂದರೆ 16 ಹರ್ಟ್ಸ್. ಎರಡೂ ಒಂದೇ ಗುಡ್ಡೆ. ಆಮೇಲೆ ಝೀರೋ ಫಿಲ್ಲಿಂಗ್ ಮಾಡಿ ನುಣ್ಣಗೆ ತೋರಿಸಿರುತ್ತಾರೆ. ನೋಡಲು ಚೆಂದ, ಆದರೆ ಅಳೆಯದೇ ಇದ್ದದ್ದು ಅದರಿಂದ ಹುಟ್ಟುವುದಿಲ್ಲ.

ಅಡ್ಡ ಅಕ್ಷ F2 ಹಾಗಲ್ಲ, ಅಲ್ಲಿ ವಿವರ ಚೆನ್ನಾಗಿರುತ್ತದೆ. ಹಾಗಾಗಿ ಪ್ರತಿ ಕ್ರಾಸ್ ಪೀಕನ್ನೂ ಕರ್ಣದ ಎರಡೂ ಕಡೆ ನೋಡಬೇಕು. ಒಂದು ಕಡೆ 4.2 ಅಡ್ಡ ಅಕ್ಷದಲ್ಲಿ ಇರುತ್ತದೆ, ಇನ್ನೊಂದು ಕಡೆ ಮೀಥೈಲ್ ಅಡ್ಡ ಅಕ್ಷದಲ್ಲಿ ಇರುತ್ತದೆ. ಯಾವ ಪೀಕಿನ ಒಳಗನ್ನು ನೋಡಬೇಕೋ ಅದು ಅಡ್ಡ ಅಕ್ಷದಲ್ಲಿ ಬೀಳುವ ಕಡೆ ಆರಿಸಿಕೊಳ್ಳಿ.

ಮತ್ತೆ ತೆಗೆಸುವುದಾದರೆ ಅಗಲವನ್ನು 10 ಬಿಟ್ಟು 5 ಪಿಪಿಎಂ ಮಾಡಲು ಹೇಳಿ. ನಿಮ್ಮ ಪ್ರಾಡಕ್ಟಿನಲ್ಲಿ 4.5ರ ಆಚೆ ಏನೂ ಇಲ್ಲ. ಬಲಗಡೆ ಸೊನ್ನೆಯಿಂದ ಎಡಗಡೆ 5ರವರೆಗೆ ಸಾಕು. ಕ್ಲೋರೊಫಾರ್ಮಿನ 7.26 ಹೊರಗೆ ಉಳಿಯುತ್ತದೆ, ಅದು ಮಡಚಿಕೊಂಡು ಒಳಗೆ ಬಂದರೂ ಒಂಟಿ ಸಿಂಗ್ಲೆಟ್, ಗುರುತು ಸಿಗುತ್ತದೆ. ಜೊತೆಗೆ 512 ಇನ್‌ಕ್ರಿಮೆಂಟ್. ಆಗ 2000 ಭಾಗಿಸು 512, ನಾಲ್ಕು ಹರ್ಟ್ಸ್. ಸಮಯ ನಾಲ್ಕು ಪಟ್ಟು ಆಗುತ್ತದೆ, ಆದರೆ ಇಷ್ಟು ಸ್ಯಾಂಪಲ್ ಇದ್ದರೆ ಒಂದೊಂದು ಇನ್‌ಕ್ರಿಮೆಂಟಿಗೆ ಒಂದೇ ಸ್ಕ್ಯಾನ್ ಸಾಕು. ಅರ್ಧ ಗಂಟೆಯೂ ಬೇಡ.

ಲ್ಯಾಬ್ ಮೇಷ್ಟ್ರು

ಮಂಜ ಹೇಳಿದ್ದನ್ನು ಹಿಡಿದು ಮುಂದಕ್ಕೆ ಹೋಗೋಣ. ಫೋಲ್ಡರ್ ಸಿಕ್ಕರೆ ಹೀಗೆ ಮಾಡಿ. ನಿಂತ ಅಕ್ಷದಲ್ಲಿ 2.45ಕ್ಕೆ ಹೋಗಿ, ಅಲ್ಲಿ ಒಂದು ಅಡ್ಡ ಸಾಲು ಕತ್ತರಿಸಿ ತೆಗೆಯಿರಿ. ಆ ಸಾಲಿನಲ್ಲಿ ಕಾಣುವುದು 2.4ರ ಜೋಡಿಗೆ ಕಪಲ್ ಆದ ಹೈಡ್ರೋಜನ್ ಮಾತ್ರ. 4.2ರಲ್ಲಿ ಅಡಗಿ ಕೂತಿದ್ದ CHOH ಒಂಟಿಯಾಗಿ ಸಿಗುತ್ತದೆ. OCH₂ ಆ ಸಾಲಿಗೆ ಬರುವುದೇ ಇಲ್ಲ.

ಸಿಕ್ಕಿದ್ದು CHOH ಹೌದೋ ಅಲ್ಲವೋ ಹೇಗೆ ಗೊತ್ತಾಗುತ್ತದೆ? ಅಗಲ ನೋಡಿ. OCH₂ ಒಂದು ಕ್ವಾರ್ಟೆಟ್, 7.2 ಹರ್ಟ್ಸ್ ಮೂರು ಸಲ, ಮೊದಲ ಗೆರೆಯಿಂದ ಕೊನೆಯ ಗೆರೆಗೆ ಸುಮಾರು 22 ಹರ್ಟ್ಸ್. CHOHಗೆ ಮೀಥೈಲ್ ಕಡೆಯಿಂದ 6.3 ಮೂರು ಸಲ, CH₂ ಕಡೆಯಿಂದ 8.7 ಮತ್ತು 3.5. ಒಟ್ಟು 31ರ ಮೇಲೆ. ಅಗಲ ಜಾಸ್ತಿ, ಮಧ್ಯಬಿಂದುವೂ ಸ್ವಲ್ಪ ಎಡಕ್ಕೆ, 4.17 ಬದಲು 4.20 ಹತ್ತಿರ. ಮ್ಯಾಗ್ನಿಟ್ಯೂಡ್ ಕೋಸಿ ಗೆರೆಗಳನ್ನು ದಪ್ಪ ಮಾಡುತ್ತದೆ, ಒಂದೊಂದು ಗೆರೆಯೂ ಎದ್ದು ಕಾಣಲಿಕ್ಕಿಲ್ಲ. ಆದರೆ ನಿಂತ ಅಕ್ಷದ 1.25ರಲ್ಲಿ ಇನ್ನೊಂದು ಸಾಲು ತೆಗೆದು ಇದರ ಮೇಲೆ ಇಟ್ಟು ನೋಡಿ. ಅದರಲ್ಲಿ ಎರಡೂ ಸೇರಿರುತ್ತವೆ. ಎರಡು ಸಾಲಿನ ಆಕಾರ ಬೇರೆ ಅನ್ನೋದು ಕಣ್ಣಿಗೇ ಗೊತ್ತಾಗುತ್ತದೆ.

ಹಳೇ ಅರವತ್ತು

ನಾವು 60 ಮೆಗಾಹರ್ಟ್ಸ್ ಮೆಷಿನ್ ಕಾಲದವರು, ಹೆಸರೇ ಹೇಳುತ್ತದೆ. ಇಷ್ಟು ಸಣ್ಣ ಅಣುವಿಗೆ ಎರಡು ಆಯಾಮ ಯಾಕ್ರೀ? ಡಿಕಪ್ಲಿಂಗ್ ಮಾಡಿ. 4.2ರ ಮೇಲೆ ರೇಡಿಯೋ ಅಲೆ ಬಿಡಿ, ಯಾವ ಪೀಕ್ ಸರಳ ಆಗುತ್ತದೋ ಅದು ಅದರ ಪಕ್ಕದ್ದು. ಎರಡು ನಿಮಿಷದ ಕೆಲಸ.

ಮ್ಯಾಗ್ನೆಟ್ ಮಂಜ

ಸರ್, 4.2ರ ಮೇಲೆ ಬಿಟ್ಟರೆ 1.23, 1.27, 2.41, 2.49 ಎಲ್ಲವೂ ಒಟ್ಟಿಗೆ ಸರಳ ಆಗುತ್ತವೆ. ಅವರ ಸಮಸ್ಯೆಯೇ ಅದು. ಮೀಥೈಲ್ ಮೇಲೆ ಬಿಡೋಣ ಅಂದರೆ 16 ಹರ್ಟ್ಸ್ ಅಂತರದಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹೊಡೆಯೋದು ಕಷ್ಟ.

ಹಳೇ ಅರವತ್ತು

ಹಾಗಾದರೆ 2.45ರ ಮೇಲೆ ಬಿಡಿ. 4.2ರ ಮುದ್ದೆಯಲ್ಲಿ CHOH ಭಾಗ ಮಾತ್ರ ಕ್ವಾರ್ಟೆಟ್ ಆಗುತ್ತದೆ, OCH₂ ಹಾಗೇ ಉಳಿಯುತ್ತದೆ. ಮೊದಲಿನ ಸ್ಪೆಕ್ಟ್ರಂ ಕಳೆದು ನೋಡಿದರೆ ವ್ಯತ್ಯಾಸ ಕಾಣುತ್ತದೆ. ನಮಗೆ ಇದನ್ನೇ ಹೇಳಿಕೊಟ್ಟದ್ದು.

ಲ್ಯಾಬ್ ಮೇಷ್ಟ್ರು

2.45 ಅಂದದ್ದು ಸರಿ, ಅದು ಕೆಲಸ ಮಾಡುತ್ತದೆ. ಅದೇ ಜಾಗದಿಂದ ಇನ್ನೂ ಚೆನ್ನಾದ ದಾರಿ ಇದೆ: ಒಂದು ಆಯಾಮದ ಸೆಲೆಕ್ಟಿವ್ ಟಾಕ್ಸಿ. 2.45ನ್ನು ಮಾತ್ರ ಆರಿಸಿ ಎಬ್ಬಿಸಿ, ಮಿಕ್ಸಿಂಗ್ ಟೈಮ್ 80 ಮಿಲಿಸೆಕೆಂಡ್ ಆಸುಪಾಸು ಕೊಡಿ. ಸುದ್ದಿ 2.45ರಿಂದ CHOHಗೆ, ಅಲ್ಲಿಂದ 1.23ರ ಮೀಥೈಲ್‌ಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಎಸ್ಟರಿನ ಈಥೈಲ್‌ಗೆ ದಾಟುವುದಿಲ್ಲ, ಮಧ್ಯದ ಕಾರ್ಬೊನಿಲ್‌ನಲ್ಲಿ ಹೈಡ್ರೋಜನ್ ಇಲ್ಲ, ಆಮ್ಲಜನಕದಲ್ಲೂ ಇಲ್ಲ. ಹಾಗಾಗಿ ಸ್ಪೆಕ್ಟ್ರಂನಲ್ಲಿ 1.23ರ ಡಬ್ಲೆಟ್ ಶುದ್ಧವಾಗಿ ಬರುತ್ತದೆ. 1.27 ಕಾಣಬಾರದು. ಕಂಡರೆ ಆರಿಸಿದ್ದು ಸರಿ ಆಗಿಲ್ಲ ಅಂತ ಅರ್ಥ.

ಕೋಸಿ ಒಂದೊಂದೇ ಹೆಜ್ಜೆ ತೋರಿಸುತ್ತದೆ, ಟಾಕ್ಸಿ ಸರಪಳಿ ಪೂರ್ತಿ ಯಾರು ಯಾರಿದ್ದಾರೆ ಅಂತ ಹೇಳುತ್ತದೆ. ಯಾರು ಯಾರ ಪಕ್ಕ ಅನ್ನೋದಕ್ಕೆ ಮತ್ತೆ ಕೋಸಿಗೇ ಬರಬೇಕು.

ಪೀಣ್ಯ ಕೆಮಿಸ್ಟ್

ಸರಿ, CH₂ ಬಗ್ಗೆ ಒಪ್ಪಿಕೊಂಡೆ. ಆದರೆ OH? CHOH ಆಗಿದ್ದರೆ OH ಅದಕ್ಕೆ ಪಕ್ಕದಲ್ಲೇ ಇದೆ, ಮೂರೇ ಬಂಧ. 3ರಿಂದ 4.2ಕ್ಕೆ ಕ್ರಾಸ್ ಪೀಕ್ ಇರಬೇಕಿತ್ತಲ್ಲ. ಇವರು ಅದರ ಬಗ್ಗೆ ಬರೆದೇ ಇಲ್ಲ. ಇಲ್ಲದಿದ್ದರೆ ಆಲ್ಕೋಹಾಲೇ ಅಲ್ಲ.

ಬನಶಂಕರಿ ಬೆಂಜೀನ್

ಇಲ್ಲ ಸರ್, ಅಲ್ಲಿ ಏನೂ ಇಲ್ಲ. 3ರ ಗುಡ್ಡ ತುಂಬಾ ಅಗಲ.

ಲ್ಯಾಬ್ ಮೇಷ್ಟ್ರು

ಇಲ್ಲದಿರುವುದರಿಂದ ಏನೂ ಸಾಬೀತಾಗುವುದಿಲ್ಲ. CDCl₃ ಹಳೆಯದಾದರೆ ಸ್ವಲ್ಪ ಆಸಿಡ್ ಇರುತ್ತದೆ, ನೀರೂ ಇರುತ್ತದೆ. OHನ ಹೈಡ್ರೋಜನ್ ಒಂದು ಅಣುವಿನಿಂದ ಇನ್ನೊಂದಕ್ಕೆ ಬೇಗ ಬೇಗ ಜಿಗಿಯುತ್ತಿರುತ್ತದೆ. ಆಗ ಪೀಕ್ ಅಗಲ ಆಗುತ್ತದೆ, ಕಪ್ಲಿಂಗ್ ಅಳಿಸಿ ಹೋಗುತ್ತದೆ, ಕ್ರಾಸ್ ಪೀಕೂ ಹೋಗುತ್ತದೆ. ಒಣಗಿದ, ಹೊಸ ಬಾಟಲಿಯ ಸಾಲ್ವೆಂಟ್‌ನಲ್ಲಿ ಇದೇ OH ಚೂಪಾದ ಡಬ್ಲೆಟ್ ಆಗಿ ಬಂದು 4.20ಕ್ಕೆ ಕ್ರಾಸ್ ಪೀಕ್ ಕೊಡುವುದುಂಟು. ಹಾಗೆ ಬಂದರೆ ಅದೃಷ್ಟ, CHOH ಯಾವುದು ಅಂತ ಆ ಒಂದು ಪೀಕೇ ಹೇಳಿಬಿಡುತ್ತದೆ. OH ಹೌದೋ ಅಲ್ಲವೋ ಅಂತ ಮಾತ್ರ ನೋಡಬೇಕಾದರೆ ಟ್ಯೂಬಿಗೆ ಒಂದು ಹನಿ D₂O ಹಾಕಿ ಅಲ್ಲಾಡಿಸಿ. 3ರ ಗುಡ್ಡ ಮಾಯ ಆಗುತ್ತದೆ.

ಕ್ಯಾಂಫರ್ ಕಿಟ್ಟಿ

ಪೀಕ್ ಇಲ್ಲದಿದ್ದರೆ ಪಕ್ಕದಲ್ಲಿಲ್ಲ ಅನ್ನೋ ಮಾತು ಬಂತಲ್ಲ, ನನ್ನ ಕೇಸ್ ಹೇಳುತ್ತೇನೆ. ಪಿಎಚ್‌ಡಿ ಮೊದಲ ವರ್ಷ, ಅಭ್ಯಾಸಕ್ಕೆ ಅಂತ ಕ್ಯಾಂಫರ್ ಕೋಸಿ ಮಾಡಿಸಿದ್ದರು. ಅಂಗಡಿಯ ಪೂಜೆ ಕರ್ಪೂರ ಅಲ್ಲ, ರಿಯೇಜೆಂಟ್ ಬಾಟಲಿಯದು. 2.09ರಲ್ಲಿ ಸೇತುವೆ ತಲೆಯ ಹೈಡ್ರೋಜನ್, ನಾಲ್ಕನೇ ಕಾರ್ಬನ್. ಅದರ ಪಕ್ಕ ಮೂರನೇ ಕಾರ್ಬನ್ CH₂, ಒಂದು 2.35, ಇನ್ನೊಂದು 1.84. 2.35ಕ್ಕೆ 2.09ರ ಜೊತೆ ಕ್ರಾಸ್ ಪೀಕ್ ಸರಿಯಾಗಿ ಬರುತ್ತದೆ. 1.84ಕ್ಕೆ ಇಲ್ಲವೇ ಇಲ್ಲ. ಅದೇ ಕಾರ್ಬನ್, ಅದೇ ಪಕ್ಕದ ಮನೆ.

ಗೈಡ್ ಹೇಳಿದ್ದು, ಕೋನ ನೋಡು ಅಂತ. ಮಾಡೆಲ್ ಕಟ್ಟಿ ಬಂಧದ ಉದ್ದಕ್ಕೆ ನೋಡಿದರೆ 1.84ರದ್ದು ಸೇತುವೆ ತಲೆಯದ್ದಕ್ಕೆ ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ ನಿಂತಿದೆ. ಆ ಕೋನದಲ್ಲಿ ಕಪ್ಲಿಂಗ್ ಸೊನ್ನೆ ಹತ್ತಿರ. ಇನ್ನೂ ಮಜಾ ಏನಪ್ಪಾ ಅಂದರೆ 2.35ರದ್ದು ಐದನೇ ಕಾರ್ಬನ್ನಿನ ಹೊರಗಿನ ಹೈಡ್ರೋಜನ್ ಜೊತೆ ಕಪಲ್ ಆಗುತ್ತದೆ. ಅದು ಪಕ್ಕದ್ದೇ ಅಲ್ಲ, ನಾಲ್ಕು ಬಂಧ ಆಚೆ. ಬಂಧಗಳು ಡಬ್ಲ್ಯೂ ಆಕಾರದಲ್ಲಿ ಬಂದರೆ ಹಾಗಾಗುತ್ತದಂತೆ. ಪಕ್ಕದವರ ಜೊತೆ ಮಾತಿಲ್ಲ, ಆಚೆ ಬೀದಿಯವರ ಜೊತೆ ಗೆಳೆತನ.

ಪೀಣ್ಯ ಕೆಮಿಸ್ಟ್

ಅದು ರಿಂಗ್ ಕಣಪ್ಪ, ಗಟ್ಟಿಯಾಗಿ ಕೂತಿರುತ್ತದೆ. ಇವರದ್ದು ಉದ್ದ ಸರಪಳಿ, ತಿರುಗುತ್ತಲೇ ಇರುತ್ತದೆ. ಅಲ್ಲಿ 90 ಡಿಗ್ರಿ ಲೆಕ್ಕ ಬರಲ್ಲ.

ಲ್ಯಾಬ್ ಮೇಷ್ಟ್ರು

ಪೀಣ್ಯದವರು ಹೇಳಿದ್ದು ಇಲ್ಲಿ ಸರಿ. ತಿರುಗುವ ಸರಪಳಿಯಲ್ಲಿ ಸರಾಸರಿ ಬೆಲೆ ಕಾಣುತ್ತದೆ, ಅದು ಸಾಮಾನ್ಯವಾಗಿ 6, 7 ಹರ್ಟ್ಸ್ ಹತ್ತಿರ ಇರುತ್ತದೆ. ಸುಮ್ನೆ ಮಾಯ ಆಗುವುದಿಲ್ಲ. ಆದರೂ 8.7 ಒಂದು ಕಡೆ, 3.5 ಇನ್ನೊಂದು ಕಡೆ ಅಂತ ಬಂದಿದೆಯಲ್ಲ, ಅದನ್ನು ಗಮನಿಸಿ. ಈ ಸರಪಳಿ ಎಲ್ಲ ದಿಕ್ಕಿಗೂ ಸಮಾನವಾಗಿ ತಿರುಗುತ್ತಿಲ್ಲ. OH ಕಾರ್ಬೊನಿಲ್ ಕಡೆ ಹೈಡ್ರೋಜನ್ ಬಂಧಕ್ಕೆ ವಾಲುವುದು ಒಂದು ಕಾರಣ ಅಂತ ನನ್ನ ಅಭಿಪ್ರಾಯ.

ಬನಶಂಕರಿ ಬೆಂಜೀನ್

ಫೋಲ್ಡರ್ ಸಿಕ್ಕಿತು! ಹೋಗಿ ಎದುರಿಗೇ ನಿಂತು ಕೇಳಿದ ಮೇಲೆ ಪೆನ್‌ಡ್ರೈವಿಗೆ ಹಾಕಿಕೊಟ್ಟರು. `ser` ಫೈಲೂ ಇದೆ.

2.45ರಲ್ಲಿ ಸಾಲು ತೆಗೆದೆ. 4.20ರಲ್ಲಿ ಒಂದು ಅಗಲವಾದ ಗುಡ್ಡ ಬಂತು, ಬುಡದಲ್ಲಿ ಅಳೆದರೆ 30 ಹರ್ಟ್ಸ್ ಮೀರುತ್ತದೆ. 1.25ರ ಸಾಲಿನಲ್ಲಿ ಅದೇ ಜಾಗದಲ್ಲಿ ಎತ್ತರದ, ಚೂಪಾದ ಪೀಕ್, ಮಧ್ಯ 4.17ರ ಕಡೆಗೆ. ಒಂದರ ಮೇಲೆ ಒಂದು ಇಟ್ಟರೆ ಬೇರೆ ಬೇರೆ ಅನ್ನೋದು ಸ್ಪಷ್ಟ. ಈಗ ಹೀಗೆ ಬರೆದುಕೊಂಡಿದ್ದೇನೆ. 2.41, 2.49 ಒಂದೇ ಕಾರ್ಬನ್ನಿನವು. ಅವುಗಳ ಪಕ್ಕ 4.20. ಅದರ ಪಕ್ಕ 1.23ರ ಡಬ್ಲೆಟ್. ಒಂದು ತುಂಡು ಅಲ್ಲಿಗೆ ಮುಗಿಯಿತು. ಇನ್ನೊಂದು ತುಂಡು 4.17 ಮತ್ತು 1.27 ಮಾತ್ರ.

ಆದರೆ ಈ ಎರಡು ತುಂಡು ಹೇಗೆ ಸೇರಿವೆ ಅಂತ ಕೋಸಿಯಿಂದ ಹೇಳೋದು ಹೇಗೆ?

ಲ್ಯಾಬ್ ಮೇಷ್ಟ್ರು

ಕೋಸಿಯಿಂದ ಹೇಳಲಾಗದು. ಹೈಡ್ರೋಜನ್ ಇಲ್ಲದ ಕಾರ್ಬನ್ ಬಂದ ಕಡೆ ಅದರ ಕೆಲಸ ಮುಗಿಯಿತು. ಎಚ್‌ಎಂಬಿಸಿ ಬೇಕು. ಅದರಲ್ಲಿ 2.4ರ ಜೋಡಿಯೂ 4.17ರದ್ದೂ 173 ಹತ್ತಿರದ ಒಂದೇ ಕಾರ್ಬೊನಿಲ್ ಕಾರ್ಬನ್ನಿಗೆ ಬೆರಳು ತೋರಿಸಬೇಕು. ಅಲ್ಲೂ ಎಚ್ಚರ. 4.20ರ CHOH ಕೂಡ ಆ ಕಾರ್ಬೊನಿಲ್‌ಗೆ ಮೂರು ಬಂಧ ದೂರದಲ್ಲಿದೆ, ಅದೂ ಪೀಕ್ ಕೊಡಬಹುದು. ಹಾಗಾಗಿ 4.2ರ ಪೀಕ್ ನೋಡಿದ ಕೂಡಲೇ OCH₂ ಅಂತ ಬರೆಯಬೇಡಿ. ಕಾರ್ಬನ್ ಕಡೆ ಎರಡೂ ಚೆನ್ನಾಗಿ ಬೇರೆ ಆಗುತ್ತವೆ, CHOH 64ರಲ್ಲಿ, OCH₂ 60.6ರಲ್ಲಿ. ಎಚ್‌ಎಸ್‌ಕ್ಯೂಸಿ ಮೊದಲು ತೆಗೆಸಿ ಅನ್ನೋದು ಅದಕ್ಕೇ.

ಬನಶಂಕರಿ ಬೆಂಜೀನ್

ಸರಿ ಸರ್. ಕೊನೆಗೆ ಆ ತೆಳ್ಳಗಿನ ಪೀಕ್ ಉಳಿಯಿತು, 1.25 ಮತ್ತು 2.45ರ ಮಧ್ಯೆ. ಡಬ್ಲೆಟ್ ಮೀಥೈಲ್‌ಗೂ CH₂ಗೂ ನಾಲ್ಕು ಬಂಧ. ಕ್ಯಾಂಫರ್ ಕಿಟ್ಟಿ ಹೇಳಿದ ಹಾಗೆ ಏನಾದರೂ ಇರಬಹುದಾ?

ಪೀಣ್ಯ ಕೆಮಿಸ್ಟ್

ಇರಬೇಕು. ಪ್ರಿಂಟಿನಲ್ಲಿ ಕರ್ಣದ ಎರಡೂ ಕಡೆ ಇದೆಯಾ? ಎರಡೂ ಕಡೆ ಇದ್ದರೆ ನಿಜವಾದ ಪೀಕ್.

ಬನಶಂಕರಿ ಬೆಂಜೀನ್

ಹೌದು, ಎರಡೂ ಕಡೆ ಇದೆ. ಒಂದೇ ಥರ.

ಮ್ಯಾಗ್ನೆಟ್ ಮಂಜ

ಒಂದೇ ಥರ ಅಂದರೆ ಅಚ್ಚು ಹೊಡೆದ ಹಾಗೆ ಒಂದೇ ಥರವಾ? ಹಾಗಾದರೆ ಸಿಮೆಟ್ರೈಸ್ ಮಾಡಿದ್ದಾರೆ. ಆಮೇಲೆ ಎರಡೂ ಕಡೆ ಇದೆ ಅನ್ನೋ ಪರೀಕ್ಷೆಗೆ ಅರ್ಥ ಇಲ್ಲ.

ಜೋರಾದ ಮೀಥೈಲ್ ಪೀಕ್ ಇರುವ ಕಡೆ ಮೇಲಿನಿಂದ ಕೆಳಗೆ ಒಂದು ಗಲೀಜು ಪಟ್ಟಿ ಬರುತ್ತದೆ, ಟಿ1 ನಾಯ್ಸ್ ಅನ್ನುತ್ತಾರೆ. ನಿಮ್ಮ 1.25ರ ಕೆಳಗೆ ಆರು ಹೈಡ್ರೋಜನ್ ಇದೆ, ಪಟ್ಟಿ ಜೋರಾಗಿರುತ್ತದೆ. 2.45ಕ್ಕೂ ಸಣ್ಣ ಪಟ್ಟಿ ಇರುತ್ತದೆ. `sym` ಕಮಾಂಡ್ ಕರ್ಣದ ಎರಡೂ ಕಡೆಯ ಬೆಲೆ ಹೋಲಿಸಿ ಸಣ್ಣದನ್ನು ಎರಡೂ ಕಡೆ ಇಡುತ್ತದೆ. ಒಂಟಿ ಕಸ ಹೋಗುತ್ತದೆ, ಒಳ್ಳೆಯದೇ. ಆದರೆ ಎರಡು ಪಟ್ಟಿಗಳ ಕಸ ಕನ್ನಡಿ ಜಾಗದಲ್ಲಿ ಬಿದ್ದರೆ ಅಲ್ಲಿ ಉಳಿಯುತ್ತದೆ. ನೋಡಿದರೆ ಸುಂದರವಾದ ಕ್ರಾಸ್ ಪೀಕ್. `ser` ಇದೆಯಲ್ಲ, ಮತ್ತೆ ಪ್ರೊಸೆಸ್ ಮಾಡಿ, `xfb` ಮಾತ್ರ ಕೊಡಿ, `sym` ಕೊಡಬೇಡಿ.

ಬನಶಂಕರಿ ಬೆಂಜೀನ್

ಮಾಡಿದೆ. 1.25ರ ಉದ್ದಕ್ಕೂ ಚುಕ್ಕಿ ಚುಕ್ಕಿ ಸಾಲಾಗಿ ಇದೆ, 2.45ರಲ್ಲಿ ಮಾತ್ರ ಅಲ್ಲ, 3ರಲ್ಲೂ ಇದೆ, 3.6ರಲ್ಲೂ ಇದೆ. ಕರ್ಣದ ಇನ್ನೊಂದು ಕಡೆ ಅದೇ ಜಾಗದಲ್ಲಿ ತುಂಬಾ ಕಡಿಮೆ, ನಾಯ್ಸ್‌ಗಿಂತ ಸ್ವಲ್ಪ ಮೇಲೆ. ಆದರೆ 2.45ರ ಚುಕ್ಕಿ ಅಕ್ಕಪಕ್ಕದವಕ್ಕಿಂತ ಸ್ವಲ್ಪ ದಪ್ಪ ಅನ್ನಿಸುತ್ತದೆ.

ಮ್ಯಾಗ್ನೆಟ್ ಮಂಜ

ಕಸ. ಮುಂದೆ ಹೋಗಿ.

ಲ್ಯಾಬ್ ಮೇಷ್ಟ್ರು

ಬಹುಪಾಲು ಕಸವೇ. ಆದರೆ ಸ್ವಲ್ಪ ದಪ್ಪ ಅಂತ ಹೇಳುತ್ತಿದ್ದೀರಿ, ಅದನ್ನು ನಾನು ಪೂರ್ತಿ ತಳ್ಳಿಹಾಕಲ್ಲ. ಅರ್ಧ ಹರ್ಟ್ಸಿಗಿಂತ ಕಡಿಮೆ ಕಪ್ಲಿಂಗ್ ಇದ್ದರೂ ಕೋಸಿಯಲ್ಲಿ ಮಸುಕಾಗಿ ಕಾಣಬಹುದು. ಸಾದಾ ಸ್ಪೆಕ್ಟ್ರಂನಲ್ಲಿ ಗೆರೆ ಸೀಳಿರುವುದಿಲ್ಲ, ಆದರೂ ಕಾಣಬಹುದು. ತೀರ್ಮಾನ ಆಗಬೇಕಾದರೆ ಲಾಂಗ್ ರೇಂಜ್ ಕೋಸಿ ತೆಗೆಸಿ, ಮಧ್ಯೆ 100, 200 ಮಿಲಿಸೆಕೆಂಡ್ ಕಾಯುವ ವಿಧಾನ. ಕಪ್ಲಿಂಗ್ ನಿಜವಾದರೆ ಪೀಕ್ ಬೆಳೆಯುತ್ತದೆ. ಕಸ ಆದರೆ ಹೀಗೇ ಇರುತ್ತದೆ, ಅಥವಾ ಜಾಗ ಬದಲಾಯಿಸುತ್ತದೆ. ಪ್ರಾಜೆಕ್ಟಿಗೆ ಅದು ಬೇಕಾಗಿಲ್ಲ. ಪಕ್ಕ ಯಾರು ಅಂತ ಬರೆಯಲು ಆ ಪೀಕನ್ನು ಬಳಸಬೇಡಿ, ಅಷ್ಟು ಸಾಕು.

ಮ್ಯಾಗ್ನೆಟ್ ಮಂಜ

ತೆರೆದ ಸರಪಳಿಯಲ್ಲಿ ನಾಲ್ಕು ಬಂಧ ದಾಟಿ ಕೋಸಿಯಲ್ಲಿ ಕಂಡದ್ದನ್ನು ನಾನು ನೋಡಿಲ್ಲ ಮೇಷ್ಟ್ರೇ. ಅಲೈಲಿಕ್ ಇದ್ದರೆ ಸರಿ, ಇಲ್ಲಿ ಡಬಲ್ ಬಾಂಡ್ ಎಲ್ಲಿದೆ?

ಹಳೇ ಅರವತ್ತು

2.45ರ ಮೇಲೆ ಡಿಕಪ್ಲಿಂಗ್ ಬಿಟ್ಟು 1.23ರ ಗೆರೆ ಸ್ವಲ್ಪವಾದರೂ ಚೂಪಾಯಿತಾ ಅಂತ ಅಳೆಯಿರಿ. ಎರಡು ನಿಮಿಷದ ಕೆಲಸ ಅಂತ ಮೊದಲೇ ಹೇಳಿದೆ.

ಬನಶಂಕರಿ ಬೆಂಜೀನ್

ಗುರುವಾರಕ್ಕೆ ಒಂದು ಸ್ಲಾಟ್ ಸಿಕ್ಕಿದೆ, ಅಷ್ಟರಲ್ಲಿ ಪ್ರೆಸೆಂಟೇಷನ್ ಮುಗಿದಿರುತ್ತದೆ. ಆದರೂ ಎಚ್‌ಎಸ್‌ಕ್ಯೂಸಿ ಮತ್ತು ಸೆಲೆಕ್ಟಿವ್ ಟಾಕ್ಸಿ ಮಾಡಿಸುತ್ತೇನೆ. ಸಮಯ ಉಳಿದರೆ ಡಿಕಪ್ಲಿಂಗೂ. ಸ್ಯಾಂಪಲನ್ನು C₆D₆ಗೆ ಬದಲಾಯಿಸಿದರೆ 4.17 ಮತ್ತು 4.20 ಬೇರೆ ಆಗಬಹುದು ಅಂತ ಸೀನಿಯರ್ ಒಬ್ಬರು ಹೇಳಿದರು. ಯಾರಾದರೂ ಈ ಎಸ್ಟರಿಗೆ ಮಾಡಿ ನೋಡಿದ್ದೀರಾ?

ಮ್ಯಾಗ್ನೆಟ್ ಮಂಜ

ಬೆಂಜೀನ್‌ನಲ್ಲಿ ಪೀಕ್‌ಗಳು ಚೆನ್ನಾಗಿ ಸರಿಯುತ್ತವೆ, ಯಾವ ಕಡೆಗೆ ಎಷ್ಟು ಅಂತ ಮೊದಲೇ ಹೇಳೋಕಾಗಲ್ಲ. ಆದರೆ ಬೆಲೆ ಜಾಸ್ತಿ. ನಿಮ್ಮ ಡಿಪಾರ್ಟ್‌ಮೆಂಟಿನಲ್ಲಿ ಯಾರ ಹತ್ತಿರವಾದರೂ ಒಡೆದ ಆಂಪ್ಯೂಲ್ ಉಳಿದಿದೆಯಾ ಕೇಳಿ, ಒಂದು ಟ್ಯೂಬಿಗೆ ಅರ್ಧ ಎಂಎಲ್ ಚಿಲ್ಲರೆ ಸಾಕು. ಸ್ಯಾಂಪಲ್‌ನಿಂದ CDCl₃ ಪೂರ್ತಿ ಹಾರಿಸುವಾಗ ಜೋಪಾನ, ಈ ಎಸ್ಟರೂ ವ್ಯಾಕ್ಯೂಮ್‌ನಲ್ಲಿ ಅದರ ಜೊತೆಗೇ ಹೋಗಿಬಿಡುತ್ತದೆ.